ಪಕ್ಕದವರು ತೋಟದ ಬೇಲಿ ಸರಿಸಿದ್ದಾರೆ: ದಾವೆ ಹೂಡಲು ನಿಮಗೆ ಎಷ್ಟು ಕಾಲವಿದೆ?

"ಪಹಣಿ ನಮ್ಮ ಹೆಸರಲ್ಲೇ ಇದೆ, ಕಂದಾಯವನ್ನೂ ನಾವೇ ಕಟ್ಟುತ್ತಿದ್ದೇವೆ. ಪಕ್ಕದವರು ಒಂದಿಷ್ಟು ಒಳಗೆ ಬಂದಿರಬಹುದು, ಆದರೆ ಜಾಗ ಎಲ್ಲಿಗೆ ಹೋಗುತ್ತದೆ?" ಕೊಡಗಿನಲ್ಲಿ ತೋಟ ಇಟ್ಟುಕೊಂಡು ಬೆಂಗಳೂರು, ಮೈಸೂರಿನಲ್ಲಿ ನೆಲೆಸಿದವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಉತ್ತರ ಕಹಿಯಾದದ್ದು: ಜಾಗ ಹೋಗುತ್ತದೆ. ನಿಮ್ಮ ಕ್ರಯಪತ್ರ ಸಾಚಾ ಆಗಿದ್ದರೂ, ಸರ್ವೆ ನಿಮ್ಮ ಪರವಾಗಿದ್ದರೂ ಹೋಗಬಹುದು.

ಇದಕ್ಕೆ ಕಾರಣ 1963ರ ಕಾಲಮಿತಿ ಕಾಯ್ದೆ. ಯಾವ ದಾವೆಯನ್ನು ಎಷ್ಟು ಕಾಲದೊಳಗೆ ಹೂಡಬೇಕು ಎಂದು ಹೇಳುವ ಕಾಯ್ದೆ ಅದು. ಅವಧಿ ಮುಗಿದ ಮೇಲೆ ಬಂದ ದಾವೆಯನ್ನು ಎದುರಾಳಿ ಆಕ್ಷೇಪಿಸದಿದ್ದರೂ ನ್ಯಾಯಾಲಯ ವಜಾ ಮಾಡಲೇಬೇಕು ಎಂದು ಅದರ 3ನೇ ಕಲಂ ಹೇಳುತ್ತದೆ. ಸ್ವಾಧೀನದ ದಾವೆಯ ಮಟ್ಟಿಗೆ 27ನೇ ಕಲಂ ಇನ್ನೂ ಮುಂದೆ ಹೋಗುತ್ತದೆ: ಅವಧಿ ಮುಗಿದ ಕ್ಷಣದಿಂದ ದಾವೆ ಹೂಡುವ ಅವಕಾಶ ಮಾತ್ರವಲ್ಲ, ಆ ಜಾಗದ ಮೇಲಿನ ಹಕ್ಕೇ ನಂದಿಹೋಗುತ್ತದೆ. ಆಮೇಲೆ ಪಹಣಿಯಲ್ಲಿ ನಿಮ್ಮ ಹೆಸರು ಉಳಿದಿದ್ದರೂ ಅದರಿಂದ ಹಕ್ಕು ಮರಳಿ ಹುಟ್ಟುವುದಿಲ್ಲ.

ಈ ಲೇಖನ ಒಂದೇ ಸಂದರ್ಭವನ್ನು ಹಿಡಿದು ಹೋಗುತ್ತದೆ: ಖಾಸಗಿಯವರೊಬ್ಬರು ನಿಮ್ಮ ತೋಟದ ಅಂಚನ್ನು ಬೇಲಿ ಸರಿಸಿ ಹಿಡಿದಿದ್ದಾರೆ, ನೀವು ಅದನ್ನು ವಾಪಸು ಪಡೆಯಬೇಕು. ಪೈಸಾರಿ, ಅಂದರೆ ಸರ್ಕಾರಿ ಜಾಗದ ತಕರಾರು ಬೇರೆ. ಸರ್ಕಾರ ಹೂಡುವ ದಾವೆಗೆ 30 ವರ್ಷದ ಅವಧಿ ಇದೆ, ಅದರ ಲೆಕ್ಕವನ್ನು ಇಲ್ಲಿಗೆ ತರಬೇಡಿ.

ಲೆಕ್ಕಕ್ಕೆ ಒಂದು ತೋಟ

ವಿರಾಜಪೇಟೆ ತಾಲ್ಲೂಕಿನಲ್ಲಿ ನಾಲ್ಕು ಎಕರೆ ರೊಬಸ್ಟಾ ತೋಟ ಇದೆ ಎಂದಿಟ್ಟುಕೊಳ್ಳಿ. ಯಜಮಾನರು ಮೈಸೂರಿನಲ್ಲಿದ್ದಾರೆ. ಪಕ್ಕದ ತೋಟದವರು 10 ಜೂನ್ 2013ರಂದು ತಂತಿಬೇಲಿ ಕಿತ್ತು ಒಳಗೆ ಹಾಕಿ, 35 ಸೆಂಟ್ ಜಾಗ ಸೇರಿಸಿಕೊಂಡು, ಆ ಮಳೆಗಾಲದಲ್ಲೇ ಗಿಡ ನೆಟ್ಟರು. ಯಜಮಾನರಿಗೆ ಇದು ಕಂಡದ್ದು 2014ರ ಜನವರಿಯಲ್ಲಿ, ಕಾಫಿ ಕುಯ್ಲಿಗೆ ಬಂದಾಗ. ಎರಡು ವರ್ಷ ಊರ ಹಿರಿಯರ ಮುಂದೆ ಮಾತುಕತೆ ನಡೆಯಿತು. 2017ರಲ್ಲಿ ಹದ್ದುಬಸ್ತು, ಅಂದರೆ ಗಡಿ ಗುರುತಿಸುವ ಅಳತೆ ಮಾಡಿಸಿದರು, 35 ಸೆಂಟ್ ಒತ್ತುವರಿ ಎಂದು ವರದಿ ಬಂತು. ಫೆಬ್ರವರಿ 2018ರಲ್ಲಿ ವಕೀಲರ ನೋಟಿಸು ಹೋಯಿತು. "ಆ ಜಾಗ ನಮ್ಮದೇ" ಎಂದು ಅದೇ ತಿಂಗಳು ಉತ್ತರ ಬಂತು. 2020ರಲ್ಲಿ ಯಜಮಾನರು ತೀರಿಕೊಂಡರು. 2023ರಲ್ಲಿ ಮಕ್ಕಳು ಪಾಲು ಮಾಡಿಕೊಂಡಾಗ ಈ ತೋಟ ಮಗಳಿಗೆ ಬಂತು. ಅವರು ಈಗ ದಾವೆ ಹೂಡಬೇಕೆಂದಿದ್ದಾರೆ.

1. ಇವತ್ತು ಜಾಗದ ಮೇಲೆ ಯಾರಿದ್ದಾರೆ ಎಂದು ಮೊದಲು ಬರೆದಿಡಿ

ಹಕ್ಕು ಯಾರದು ಎಂಬುದು ಆಮೇಲಿನ ಮಾತು. ಆ 35 ಸೆಂಟಿನಲ್ಲಿ ಗೊಬ್ಬರ ಹಾಕುವವರು, ಕಸಿ ಮಾಡುವವರು, ಕಾಫಿ ಕುಯ್ಯುವವರು ಯಾರು? ನೀವೇ ಆಗಿದ್ದರೆ, ಅವರು ಬರೀ ಬೆದರಿಸುತ್ತಿದ್ದರೆ, ನಿಮಗೆ ಬೇಕಾದದ್ದು ನಿರ್ಬಂಧಕಾಜ್ಞೆ, ಅಂದರೆ ಒಳಗೆ ಬರಬೇಡಿ ಎಂಬ ಆದೇಶ. ಅವರೇ ಆಗಿದ್ದರೆ ನಿಮಗೆ ಬೇಕಾದದ್ದು ಸ್ವಾಧೀನದ ಡಿಕ್ರಿ, ಅಂದರೆ ಜಾಗ ಬಿಡಿಸಿಕೊಡಿ ಎಂಬ ತೀರ್ಪು.

ಅತಿ ಹೆಚ್ಚು ಪ್ರಕರಣಗಳು ಕೆಡುವುದು ಇಲ್ಲೇ. ಜಾಗ ಕೈತಪ್ಪಿದೆ ಎಂದು ಒಪ್ಪಿಕೊಳ್ಳಲು ಮನಸ್ಸಿಲ್ಲದೆ, ಅಥವಾ ನ್ಯಾಯಾಲಯ ಶುಲ್ಕ ಕಡಿಮೆ ಎಂಬ ಕಾರಣಕ್ಕೆ, ಬರೀ ನಿರ್ಬಂಧಕಾಜ್ಞೆಯ ದಾವೆ ಹಾಕುತ್ತಾರೆ. ಸ್ವಾಧೀನದಲ್ಲಿ ಇಲ್ಲದವರಿಗೆ ಬರೀ ನಿರ್ಬಂಧಕಾಜ್ಞೆ ಸಿಗುವುದಿಲ್ಲ. 2008ರ ಅನಾತುಲ ಸುಧಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ದಾವೆ ಐದಾರು ವರ್ಷ ನಡೆದು ವಜಾ ಆಗುವಷ್ಟರಲ್ಲಿ ಸ್ವಾಧೀನ ಕೇಳುವ ಅವಧಿಯೂ ಮುಗಿದಿರುತ್ತದೆ. ನಡುವೆ ತಿದ್ದುಪಡಿ ಅರ್ಜಿ ಹಾಕಿ ಸ್ವಾಧೀನದ ಬೇಡಿಕೆ ಸೇರಿಸಬಹುದು, ನಿಜ. ಆದರೆ ಅಷ್ಟರಲ್ಲಿ ಕಾಲ ಮೀರಿದ್ದರೆ ಎದುರಾಳಿ ಅದನ್ನೇ ಹಿಡಿಯುತ್ತಾರೆ, ಒಪ್ಪುವುದು ಬಿಡುವುದು ನ್ಯಾಯಾಲಯದ ವಿವೇಚನೆ.

2. ಯಾವ ಅವಧಿ ನಿಮಗೆ ಅನ್ವಯಿಸುತ್ತದೆ ನೋಡಿ

ಬೇಲಿ ಸರಿದ ಪ್ರಕರಣಕ್ಕೆ ಮೂರು ಅವಧಿಗಳು ಮುಖ್ಯ.

ಮೊದಲನೆಯದು 6 ತಿಂಗಳು. ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ, ನಿಮ್ಮ ಒಪ್ಪಿಗೆಯಿಲ್ಲದೆ, ಕಾನೂನಿನ ದಾರಿ ಬಿಟ್ಟು ನಿಮ್ಮನ್ನು ಹೊರಹಾಕಿದ್ದರೆ ಆರು ತಿಂಗಳೊಳಗೆ ದಾವೆ ಹೂಡಬಹುದು. ಇದರಲ್ಲಿ ಹಕ್ಕಿನ ಪತ್ರ ಸಾಬೀತುಪಡಿಸುವ ಗೋಜಿಲ್ಲ. ಸ್ವಾಧೀನದಲ್ಲಿದ್ದೆ, ಹೊರಹಾಕಿದರು ಎಂದು ತೋರಿಸಿದರೆ ಸಾಕು. ಈ ತೀರ್ಪಿನ ಮೇಲೆ ಮೇಲ್ಮನವಿಯೂ ಇಲ್ಲ. ಇಷ್ಟು ಒಳ್ಳೆಯ ದಾರಿ ಕೊಡಗಿನಲ್ಲಿ ಬಹಳಷ್ಟು ಮಂದಿಗೆ ತಪ್ಪಿಹೋಗುವುದಕ್ಕೆ ಕಾರಣ ತೋಟದ ಕೆಲಸದ ಕಾಲವೇ. ಬೇಲಿ ಸರಿಯುವುದು ಗಿಡ ನೆಡುವ ಜೂನ್ ಮಳೆಯಲ್ಲಿ, ದೂರದ ಯಜಮಾನರು ಬರುವುದು ರೊಬಸ್ಟಾ ಕುಯ್ಲಿಗೆ ಜನವರಿಯಲ್ಲಿ. ನಮ್ಮ ಉದಾಹರಣೆಯಲ್ಲಿ ಆರು ತಿಂಗಳು 10 ಡಿಸೆಂಬರ್ 2013ಕ್ಕೇ ಮುಗಿದಿತ್ತು. ಹಾಗಾಗಿ ಊರಲ್ಲಿಲ್ಲದವರು ಆಗಸ್ಟಿನಲ್ಲೋ ಸೆಪ್ಟೆಂಬರಿನಲ್ಲೋ ಒಮ್ಮೆ ಬಂದು ಗಡಿ ಸುತ್ತಿ ನೋಡಿ. ಮೇಸ್ತ್ರಿಯ ಫೋನ್ ಮಾತನ್ನೇ ನಂಬಿ ಕೂರಬೇಡಿ.

ಎರಡನೆಯದು 3 ವರ್ಷ. ಕಾಲಮಿತಿ ಕಾಯ್ದೆಯ ಪಟ್ಟಿಯಲ್ಲಿ 58ನೇ ಬಾಬು ಇದೆ. ನ್ಯಾಯಾಲಯ "ಈ ಜಾಗದ ಮಾಲೀಕರು ಇವರೇ" ಎಂದು ಸಾರುವ ಹಕ್ಕು ಘೋಷಣೆಗೆ ಇದು ಅನ್ವಯ. ನಿಮ್ಮ ಹಕ್ಕನ್ನು ಮೊದಲ ಬಾರಿ ಸ್ಪಷ್ಟವಾಗಿ ಅಲ್ಲಗಳೆದ ದಿನದಿಂದ ಮೂರು ವರ್ಷ. "ಮೊದಲ ಬಾರಿ" ಎಂಬುದೇ ಇಲ್ಲಿ ಮುಖ್ಯ. ಆಮೇಲೆ ಹತ್ತು ಸಲ ಅಲ್ಲಗಳೆದರೂ ಹೊಸದಾಗಿ ಮೂರು ವರ್ಷ ಸಿಗುವುದಿಲ್ಲ. ಜಾಗ ನಿಮ್ಮ ಕೈಯಲ್ಲೇ ಇದ್ದು, ನೋಟಿಸಿಗೆ "ಜಾಗ ನಮ್ಮದು" ಎಂದು ಉತ್ತರ ಬಂದಿದ್ದರೆ ಆ ಉತ್ತರವನ್ನು ಕಡತಕ್ಕೆ ಸೇರಿಸಿ ಸುಮ್ಮನಾಗಬೇಡಿ.

ಮೂರನೆಯದು 12 ವರ್ಷ, 65ನೇ ಬಾಬು. ಹಕ್ಕಿನ ಆಧಾರದ ಮೇಲೆ ಸ್ವಾಧೀನ ಕೇಳುವ ದಾವೆ ಇದು. ಎದುರಾಳಿಯ ಸ್ವಾಧೀನ ನಿಮಗೆ ಪ್ರತಿಕೂಲವಾದ ದಿನದಿಂದ ಅವಧಿ ಶುರು. ಪ್ರತಿಕೂಲ ಸ್ವಾಧೀನ ಎಂದರೆ ನಿಮ್ಮ ಅನುಮತಿ ಇಲ್ಲದೆ, ನಿಮ್ಮ ಹಕ್ಕನ್ನು ಲೆಕ್ಕಿಸದೆ, ನಾಲ್ಕು ಜನಕ್ಕೆ ಕಾಣುವಂತೆ, ಎಡೆಬಿಡದೆ ಅನುಭವಿಸುವುದು. ಹಕ್ಕು ಘೋಷಣೆ ಮತ್ತು ಸ್ವಾಧೀನ ಎರಡನ್ನೂ ಒಟ್ಟಿಗೆ ಕೇಳಿದರೆ ಮೂರು ವರ್ಷವಲ್ಲ, ಹನ್ನೆರಡು ವರ್ಷದ ಅವಧಿಯೇ ಅನ್ವಯ ಎಂದು ಸುಪ್ರೀಂ ಕೋರ್ಟ್ 2019ರ ಸೋಪಾನರಾವ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ನಮ್ಮ ಉದಾಹರಣೆಯ ಮಗಳು ಬರೀ ಘೋಷಣೆ ಕೇಳಿದರೆ ಸೋಲುತ್ತಾರೆ. ಘೋಷಣೆಯ ಜೊತೆ ಸ್ವಾಧೀನವನ್ನೂ ಕೇಳಬೇಕು.

3. ಆರಂಭದ ದಿನವನ್ನು ಸರಿಯಾಗಿ ಹಿಡಿಯಿರಿ

ಮಗಳ ಮುಂದೆ ಐದು ದಿನಾಂಕಗಳಿವೆ: ಬೇಲಿ ಸರಿದದ್ದು 2013, ಕಣ್ಣಿಗೆ ಬಿದ್ದದ್ದು 2014, ಸರ್ವೆ ವರದಿ 2017, ತಂದೆ ತೀರಿಕೊಂಡದ್ದು 2020, ಪಾಲು ಬಂದದ್ದು 2023. ಜನ ಸಾಮಾನ್ಯವಾಗಿ ತಮಗೆ ಅನುಕೂಲವಾದ, ಕೊನೆಯ ದಿನಾಂಕವನ್ನೇ ಹಿಡಿಯುತ್ತಾರೆ. ಎದುರಾಳಿಯ ವಕೀಲರು ಹಿಡಿಯುವುದು 10 ಜೂನ್ 2013.

ಬೇಲಿ ಹಾಕಿ ಗಿಡ ನೆಟ್ಟದ್ದು ಬಯಲಲ್ಲೇ ನಡೆದಿದೆ. ನೀವು ಬಂದು ನೋಡಲಿಲ್ಲ ಎಂಬುದರಿಂದ ಅವಧಿ ಮುಂದಕ್ಕೆ ಹೋಗುವುದಿಲ್ಲ. ಸರ್ವೆ ವರದಿ ಆದದ್ದನ್ನು ತೋರಿಸುತ್ತದೆಯೇ ಹೊರತು ಹೊಸ ಆರಂಭ ಕೊಡುವುದಿಲ್ಲ. ಇನ್ನು ಸಾವು ಮತ್ತು ಪಾಲು: ಒಮ್ಮೆ ಓಡತೊಡಗಿದ ಕಾಲ ನಿಲ್ಲುವುದಿಲ್ಲ ಎಂದು ಕಾಲಮಿತಿ ಕಾಯ್ದೆಯ 9ನೇ ಕಲಂ ಹೇಳುತ್ತದೆ. ತಂದೆಯ ಕಾಲದಲ್ಲಿ ಏಳು ವರ್ಷ ಕಳೆದಿದ್ದರೆ ಮಕ್ಕಳಿಗೆ ಸಿಗುವುದು ಉಳಿದ ಐದು ವರ್ಷ ಮಾತ್ರ. ತೋಟವನ್ನು ಕ್ರಯಕ್ಕೆ ಕೊಂಡವರಿಗೂ ಇದೇ ಲೆಕ್ಕ. ಆ ಕಡೆಯೂ ಹಾಗೆಯೇ: ಪಕ್ಕದವರು ನಡುವೆ ತೋಟ ಮಾರಿದ್ದರೆ ಹಳಬರ ವರ್ಷಗಳಿಗೆ ಹೊಸಬರ ವರ್ಷಗಳು ಕೂಡಿಕೊಳ್ಳುತ್ತವೆ. "ಇವರು ಬಂದು ನಾಲ್ಕೇ ವರ್ಷ ಆಯಿತು" ಎಂಬ ಸಮಾಧಾನ ಬೇಡ.

ಆರಂಭದ ದಿನ ಲೆಕ್ಕಕ್ಕಿಲ್ಲ, ಮರುದಿನದಿಂದ ಎಣಿಕೆ. ಹಾಗೆ ಎಣಿಸಿದರೆ ಮಗಳ ಕೊನೆಯ ದಿನ 10 ಜೂನ್ 2025. ಕೊನೆಯ ದಿನ ನ್ಯಾಯಾಲಯಕ್ಕೆ ರಜೆ ಇದ್ದರೆ ಬಾಗಿಲು ತೆರೆದ ದಿನ ಸಲ್ಲಿಸಬಹುದು.

ಕೋವಿಡ್ ಕಾಲದ ವಿನಾಯಿತಿ ಒಂದಿದೆ. 15 ಮಾರ್ಚ್ 2020ರಿಂದ 28 ಫೆಬ್ರವರಿ 2022ರ ವರೆಗಿನ ಕಾಲವನ್ನು ಕಾಲಮಿತಿ ಲೆಕ್ಕದಿಂದ ಬಿಡಬೇಕೆಂದು ಸುಪ್ರೀಂ ಕೋರ್ಟ್ 10 ಜನವರಿ 2022ರಂದು ಆದೇಶಿಸಿತು. ಅದು 716 ದಿನ. ಅದನ್ನು ಸೇರಿಸಿದರೆ ಮಗಳ ಕೊನೆಯ ದಿನ 27 ಮೇ 2027ಕ್ಕೆ ಹೋಗುತ್ತದೆ. ಅವಧಿ ಆಗಲೇ ಮೀರಿದ ಇಂಥವರು ಈ ಆದೇಶವನ್ನು ವಾದಪತ್ರದಲ್ಲೇ ಹೆಸರಿಸಿ ಕೇಳಬೇಕು. ಆದರೆ 2022ರ ನಂತರ ಮುಗಿಯುವ ಅವಧಿಗಳಿಗೆ ಇದು ಎಷ್ಟರಮಟ್ಟಿಗೆ ಅನ್ವಯ ಎಂದು ಎದುರಾಳಿ ತಕರಾರು ತೆಗೆಯುವುದು ಖಂಡಿತ. ಇದನ್ನು ಸಿಕ್ಕಿಬಿದ್ದಾಗಿನ ಆಸರೆ ಎಂದು ಇಟ್ಟುಕೊಳ್ಳಿ, ಇದನ್ನೇ ನಂಬಿ ಕಾಯುತ್ತಾ ಕೂರಬೇಡಿ.

4. ಯಾವುದರಿಂದ ಕಾಲ ನಿಲ್ಲುವುದಿಲ್ಲ ಎಂದು ತಿಳಿದಿರಿ

ನಾಡಕಚೇರಿ, ತಹಶೀಲ್ದಾರ್, ಉಪವಿಭಾಗಾಧಿಕಾರಿ, ಪೊಲೀಸ್ ಠಾಣೆ ಎಂದು ಅಲೆದ ವರ್ಷಗಳು ನಿಮ್ಮ ಖಾತೆಗೆ ಜಮೆಯಾಗುವುದಿಲ್ಲ. ಪ್ರಾಮಾಣಿಕವಾಗಿ ತಪ್ಪು ನ್ಯಾಯಾಲಯದಲ್ಲಿ ಕಳೆದ ಕಾಲವನ್ನು ಬಿಡಲು 14ನೇ ಕಲಂ ಇದೆ. ಆದರೆ ಅದು ನ್ಯಾಯಾಲಯದಲ್ಲಿ ಇದೇ ವಿಷಯಕ್ಕೆ ನಡೆಸಿದ, ಅಧಿಕಾರವ್ಯಾಪ್ತಿಯ ಕೊರತೆಯಿಂದ ಬಿದ್ದುಹೋದ ವ್ಯಾಜ್ಯಕ್ಕೆ. ಸರ್ವೆಗೆ ಹಾಕಿದ ಅರ್ಜಿ, ಠಾಣೆಗೆ ಕೊಟ್ಟ ದೂರು ಆ ಲೆಕ್ಕಕ್ಕೆ ಬರುವುದಿಲ್ಲ. ವಕೀಲರ ನೋಟಿಸಿನಿಂದಲೂ ಕಾಲ ನಿಲ್ಲುವುದಿಲ್ಲ.

"ತಡವಾದದ್ದಕ್ಕೆ ಕಾರಣ ಹೇಳಿ ಮನ್ನಾ ಮಾಡಿಸಿಕೊಳ್ಳಬಹುದಲ್ಲ?" ಎಂದು ಕೇಳುವವರಿದ್ದಾರೆ. ವಿಳಂಬ ಮನ್ನಾ ಮಾಡುವ 5ನೇ ಕಲಂ ಮೇಲ್ಮನವಿಗೆ, ಅರ್ಜಿಗಳಿಗೆ ಇದೆ. ಮೂಲ ದಾವೆಗೆ ಇಲ್ಲ. ಒಂದು ದಿನ ತಡವಾದರೂ, ಕಾರಣ ಎಷ್ಟೇ ಗಟ್ಟಿಯಾಗಿದ್ದರೂ, ಮನ್ನಾ ಮಾಡುವ ಅಧಿಕಾರ ನ್ಯಾಯಾಧೀಶರಿಗೆ ಇಲ್ಲ.

ಮಾತುಕತೆ ಮಾಡಬೇಡಿ ಎಂದು ಹೇಳುತ್ತಿಲ್ಲ. ನೆರೆಯವರ ಜೊತೆ ರಾಜಿ ಆದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಬಾಯಿಮಾತಿನ ರಾಜಿ ಅವಧಿಯನ್ನು ತಿನ್ನುತ್ತದೆ. ಹಿರಿಯರ ಮುಂದೆ ಕೂತಾಗ "ಈ ಸರ್ವೆ ನಂಬರಿನ 35 ಸೆಂಟ್ ಇಂಥವರದು, ಬೇಲಿ ನಮ್ಮ ಕಡೆಯಿಂದ ಒಳಗೆ ಬಂದಿದೆ, ಸರಿಪಡಿಸುತ್ತೇವೆ" ಎಂದು ಬರೆಸಿ, ದಿನಾಂಕ ಹಾಕಿಸಿ, ಅವರ ಸಹಿ ಪಡೆಯಿರಿ. 18ನೇ ಕಲಂ ಪ್ರಕಾರ ಅವಧಿ ಮುಗಿಯುವ ಮೊದಲು ಹೀಗೆ ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ ಆ ದಿನದಿಂದ ಹೊಸ ಅವಧಿ ಶುರುವಾಗುತ್ತದೆ. ಅವಧಿ ಮುಗಿದ ಮೇಲಿನ ಸಹಿಗೆ ಈ ಬಲವಿಲ್ಲ. ಎರಡು ವರ್ಷದ ಮಾತುಕತೆಯಲ್ಲಿ ಯಜಮಾನರು ಇಂಥ ಒಂದು ಹಾಳೆ ಬರೆಸಿಕೊಂಡಿದ್ದರೆ ಮಗಳಿಗೆ ಇವತ್ತಿನ ಆತಂಕ ಇರುತ್ತಿರಲಿಲ್ಲ.

5. ದಾಖಲೆ ಕೂಡಿಸಿ, ಆದರೆ ಅದಕ್ಕಾಗಿ ದಿನ ಮೀರಿಸಬೇಡಿ

65ನೇ ಬಾಬಿನ ದಾವೆಯಲ್ಲಿ ನೀವು ತೋರಿಸಬೇಕಾದದ್ದು ಹಕ್ಕು. ಕ್ರಯಪತ್ರ ಅಥವಾ ಪಾಲುಪತ್ರದ ದೃಢೀಕೃತ ನಕಲು, ಸರ್ವೆ ನಕ್ಷೆ, ಟಿಪ್ಪಣಿ, ಆಕಾರ್‌ಬಂದ್, ಸಿಕ್ಕಷ್ಟು ವರ್ಷಗಳ ಪಹಣಿ ಇಟ್ಟುಕೊಳ್ಳಿ. ಪಹಣಿ ತೆಗೆದಾಗ 9ನೇ ಕಾಲಮ್ಮಿನ ಮಾಲೀಕರ ಹೆಸರು ನೋಡಿ ಮಡಚಿಡಬೇಡಿ. ಬೆಳೆ ಮತ್ತು ಸಾಗುದಾರರ ವಿವರ ಇರುವ 12ನೇ ಕಾಲಮ್ಮನ್ನು ವರ್ಷವಾರು ಓದಿ.

ಹನ್ನೆರಡು ವರ್ಷದ ಪ್ರತಿಕೂಲ ಸ್ವಾಧೀನವನ್ನು ಸಾಬೀತುಪಡಿಸುವ ಹೊಣೆ ಎದುರಾಳಿಯದು. ಯಾವ ದಿನ ಬಂದೆ, ಹೇಗೆ ಬಂದೆ, ಮಾಲೀಕರಿಗೆ ತಿಳಿದಿತ್ತೇ, ಎಷ್ಟು ಕಾಲ ಅಡ್ಡಿಯಿಲ್ಲದೆ ಇದ್ದೆ ಎಂದು ಅವರು ಹೇಳಬೇಕು, ತೋರಿಸಬೇಕು. 2004ರ ಕರ್ನಾಟಕ ವಕ್ಫ್ ಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಪಟ್ಟಿ ಮಾಡಿದೆ. ಹಾಗಾಗಿ ನಿಜವಾದ ಕಾಳಗ ನಡೆಯುವುದು ಆರಂಭದ ದಿನದ ಮೇಲೆ, ಮತ್ತು ಕಾಫಿ ತೋಟದಲ್ಲಿ ಆ ದಿನಕ್ಕೆ ಸಾಕ್ಷಿ ಸಾಕಷ್ಟಿರುತ್ತದೆ. ನಿಮ್ಮ ತೋಟದ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ-ಕೂಲಿ ಪುಸ್ತಕ, ಯಾವ ವರ್ಷದ ವರೆಗೆ ಆ ಮೂಲೆಯಲ್ಲಿ ಕೆಲಸ ಮಾಡಿಸಿದ್ದೀರಿ ಎಂದು ಹೇಳುತ್ತದೆ. ಒತ್ತುವರಿಯಾದ ಜಾಗದಲ್ಲಿನ ಕಾಫಿ ಗಿಡ, ಸಿಲ್ವರ್ ಓಕ್, ಮೆಣಸಿನ ಬಳ್ಳಿಯ ವಯಸ್ಸು ಅವು ಯಾವಾಗ ನೆಟ್ಟವು ಎಂದು ಹೇಳುತ್ತದೆ. ಗಿಡಗಳು ಆರೇಳು ವರ್ಷದವಾಗಿದ್ದು ಅವರು ಹದಿನೈದು ವರ್ಷದ ಸ್ವಾಧೀನ ಹೇಳಿದರೆ ಪಾಟೀಸವಾಲಿನಲ್ಲಿ ಕೇಳಲು ಪ್ರಶ್ನೆ ಸಿಕ್ಕಿತು. ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಉಪಗ್ರಹ ಚಿತ್ರ ನೋಡಬಹುದು, ಆದರೆ ನಮ್ಮ ನೆರಳಿನ ಮರಗಳ ಅಡಿಯ ತಂತಿಬೇಲಿ ಅದರಲ್ಲಿ ಕಾಣುವುದು ಅಪರೂಪ. ಮರ ಕಡಿದದ್ದು, ಹೊಸ ರಸ್ತೆ ತೆಗೆದದ್ದು ಕಾಣಬಹುದು. ಇಂಥ ಚಿತ್ರ ಮತ್ತು ಮೊಬೈಲ್ ಫೋಟೊಗಳನ್ನು ಸಾಕ್ಷ್ಯವಾಗಿ ಕೊಡಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು.

ಅಳತೆ ವರದಿ ಬರಲಿ ಎಂದು ಕಾಯುತ್ತಾ ಅವಧಿ ಕಳೆದುಕೊಂಡವರು ಎಷ್ಟೋ ಮಂದಿ. ವರದಿ ಇಲ್ಲದಿದ್ದರೂ ದಾವೆ ಹೂಡಬಹುದು. ಜಾಗ ಅಳೆಯಲು ಕಮಿಷನರನ್ನು ನೇಮಿಸಿ ಎಂದು ಆಮೇಲೆ ನ್ಯಾಯಾಲಯಕ್ಕೇ ಅರ್ಜಿ ಹಾಕಬಹುದು.

6. ವಾದಪತ್ರದಲ್ಲಿ ಇವು ಇವೆಯೇ ನೋಡಿ, ನಂತರ ಸಹಿ ಹಾಕಿ

ವಾದಪತ್ರ ಎಂದರೆ ದಾವೆಯ ಮೂಲ ಅರ್ಜಿ. ವಕೀಲರು ಬರೆದದ್ದನ್ನು ಪೂರ್ತಿ ಓದಿಸಿಕೊಂಡು ಕೇಳಿ. ಇಡೀ ನಾಲ್ಕು ಎಕರೆ ಒಂದು ಅನುಸೂಚಿಯಲ್ಲಿ, ಒತ್ತುವರಿಯಾದ 35 ಸೆಂಟ್ ಇನ್ನೊಂದು ಅನುಸೂಚಿಯಲ್ಲಿ ಚಕ್ಕುಬಂದಿ ಸಮೇತ ಇರಬೇಕು. ಎಲ್ಲಿಂದ ಎಲ್ಲಿಗೆ ಎಂದು ಗುರುತು ಇಲ್ಲದಿದ್ದರೆ ಡಿಕ್ರಿ ಬಂದರೂ ಜಾರಿ ಮಾಡಲು ಬಂದ ಅಮೀನರಿಗೆ ಯಾವ ಜಾಗ ಬಿಡಿಸಬೇಕೆಂದು ತಿಳಿಯುವುದಿಲ್ಲ. ಬೇಡಿಕೆಗಳಲ್ಲಿ ಹಕ್ಕು ಘೋಷಣೆ, ಸ್ವಾಧೀನ, ಮುಂದೆ ಬರದಂತೆ ನಿರ್ಬಂಧಕಾಜ್ಞೆ ಮೂರೂ ಇರಲಿ. ಕಾಲಮಿತಿಯ ವಿನಾಯಿತಿ ಕೇಳುವುದಿದ್ದರೆ, ಕೋವಿಡ್ ಆದೇಶವಾಗಲಿ, ಸಹಿ ಮಾಡಿದ ಒಪ್ಪಿಗೆಯಾಗಲಿ, ಅದನ್ನು ವಾದಪತ್ರದಲ್ಲೇ ಹೇಳಬೇಕು.

ವ್ಯಾಜ್ಯ ಕಾರಣದ ಪ್ಯಾರಾ, ಅಂದರೆ ದಾವೆ ಹೂಡುವ ಹಕ್ಕು ಯಾವಾಗ ಹುಟ್ಟಿತು ಎಂದು ಬರೆಯುವ ಜಾಗ, ಅತಿ ಸೂಕ್ಷ್ಮ. ಸಿಟ್ಟಿನಲ್ಲಿ "ಕಳೆದ ಹದಿನಾಲ್ಕು ವರ್ಷಗಳಿಂದ ದೌರ್ಜನ್ಯದಿಂದ ಅನುಭವಿಸುತ್ತಿದ್ದಾರೆ" ಎಂದು ಬರೆಸಿದರೆ ಎದುರಾಳಿಗೆ ಬೇರೆ ಸಾಕ್ಷಿ ಬೇಡ. ವಾದಪತ್ರ ಓದಿದರೇ ಅವಧಿ ಮೀರಿದೆ ಎಂದು ಕಂಡರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 11ನೇ ನಿಯಮದಂತೆ ವಿಚಾರಣೆಗೂ ಮೊದಲೇ ಅದನ್ನು ತಿರಸ್ಕರಿಸಬಹುದು. ಸುಳ್ಳು ದಿನಾಂಕ ಬರೆಸಿ ಎಂದಲ್ಲ. ಚೆಕ್‌ರೋಲ್, ಪಹಣಿ, ಫೋಟೊ ಜೊತೆ ತಾಳೆ ನೋಡಿ ನಿಜವಾದ ದಿನಾಂಕ ಬರೆಸಿ. ನೋಟಿಸು, ಠಾಣೆಯ ದೂರು, ಸರ್ವೆ ಅರ್ಜಿಗಳಲ್ಲಿ ಅಂದಾಜಿನ ಮೇಲೆ ಬರೆದ ವರ್ಷಗಳೂ ಮುಂದೆ ನಿಮ್ಮ ಮುಂದೆಯೇ ಬಂದು ನಿಲ್ಲುತ್ತವೆ.

ಸಲ್ಲಿಸುವುದನ್ನು ಕೊನೆಯ ವಾರಕ್ಕೆ ಇಡಬೇಡಿ. ಶುಲ್ಕ ಕಡಿಮೆಯಾಯಿತು, ಮೌಲ್ಯ ತಪ್ಪಾಯಿತು, ಈ ನ್ಯಾಯಾಲಯದ ವ್ಯಾಪ್ತಿಗೆ ಬರುವುದಿಲ್ಲ ಎಂಬ ಕಚೇರಿ ಆಕ್ಷೇಪಗಳು ಸಾಮಾನ್ಯ. ಅವನ್ನು ಸರಿಪಡಿಸಲು ಕನಿಷ್ಠ ಮೂರು ತಿಂಗಳು ಕೈಯಲ್ಲಿರಲಿ.

ಹನ್ನೆರಡು ವರ್ಷ ಆಗಲೇ ದಾಟಿದೆ ಎನಿಸಿದರೆ

ಕೈಚೆಲ್ಲುವ ಮೊದಲು ಕೆಲವನ್ನು ಪರೀಕ್ಷಿಸಿ. ಅವರು ಬಂದದ್ದೇ ನಿಮ್ಮ ಅನುಮತಿಯಿಂದಲೇ? ತೋಟ ನೋಡಿಕೊಳ್ಳಲು ಇಟ್ಟವರು, ಲೈನ್ ಮನೆಯಲ್ಲಿ ಇರಲು ಬಿಟ್ಟವರು, ನೆಂಟರೆಂದು ಗದ್ದೆ ಮಾಡಲು ಕೊಟ್ಟವರು ಎಷ್ಟು ವರ್ಷ ಇದ್ದರೂ ಅದು ಪ್ರತಿಕೂಲ ಸ್ವಾಧೀನವಲ್ಲ. "ಇದು ನನ್ನದು" ಎಂದು ಅವರು ಬಹಿರಂಗವಾಗಿ ಎದುರು ನಿಂತ ದಿನದಿಂದ ಮಾತ್ರ ಎಣಿಕೆ. ಒಕ್ಕದ, ಅಂದರೆ ಕೊಡವ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದಲ್ಲೂ ಹೀಗೆಯೇ: ಒಕ್ಕದ ಹಿರಿಯರಾದ ಪಟ್ಟೆದಾರರೋ ಒಬ್ಬ ಪಾಲುದಾರರೋ ಅನುಭವಿಸುತ್ತಿದ್ದರೆ ಎಲ್ಲರ ಪರವಾಗಿ ಎಂದೇ ಕಾನೂನು ಮೊದಲು ಭಾವಿಸುತ್ತದೆ. ಪಾಲೇ ಇಲ್ಲ ಎಂದು ನಿಮ್ಮನ್ನು ಹೊರಗಿಟ್ಟದ್ದು ನಿಮಗೆ ತಿಳಿದ ದಿನದಿಂದ ಹನ್ನೆರಡು ವರ್ಷ.

ಮಾಲೀಕರು ಅವಧಿ ಶುರುವಾದಾಗ ಅಪ್ರಾಪ್ತರಾಗಿದ್ದರೆ, ಹನ್ನೆರಡು ವರ್ಷ ಮುಗಿದಿದ್ದರೂ, ವಯಸ್ಕರಾದ ಮೇಲೆ ಗರಿಷ್ಠ ಮೂರು ವರ್ಷದ ಅವಕಾಶ ಇದೆ. ಇನ್ನು ಕೊಡಗಿನ ಮನೆಗಳಲ್ಲಿ ಮರೆಯಬಾರದ ಒಂದು ಕಾಯ್ದೆ 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ. ಸೈನಿಕರು ಯುದ್ಧದ ಅಥವಾ ಆ ಕಾಯ್ದೆ ಹೇಳುವ ವಿಶೇಷ ಪರಿಸ್ಥಿತಿಯ ಸೇವೆಯಲ್ಲಿದ್ದ ಕಾಲವನ್ನು ಅವರ ದಾವೆಯ ಕಾಲಮಿತಿಯಿಂದ ಬಿಡಲಾಗುತ್ತದೆ, ಅವರ ವಾರಸುದಾರರಿಗೂ ಇದು ಸಿಗುತ್ತದೆ. ಸೇನೆಯಲ್ಲಿದ್ದ ಇಡೀ ಅವಧಿಗೆ ಇದು ಅನ್ವಯಿಸುವುದಿಲ್ಲ. ಯಾವ ದಿನದಿಂದ ಯಾವ ದಿನದ ವರೆಗೆ ಅಂಥ ನಿಯೋಜನೆಯಲ್ಲಿದ್ದರು ಎಂದು ಸೇವಾ ದಾಖಲೆಯಿಂದ ತೋರಿಸಬೇಕು. ನಮ್ಮ ಉದಾಹರಣೆಯ ಯಜಮಾನರು 2013ರ ನಂತರ ಅಂಥ ಸೇವೆಯಲ್ಲಿದ್ದಿದ್ದರೆ ಮಗಳು ಮೊದಲು ಮಾಡಬೇಕಾದದ್ದು ಆ ದಾಖಲೆಗೆ ಅರ್ಜಿ ಹಾಕುವುದು.

ಏನೇ ಆಗಲಿ, ರಾತ್ರೋರಾತ್ರಿ ಬೇಲಿ ಕಿತ್ತು ಜಾಗ ವಾಪಸು ಹಿಡಿಯಲು ಹೋಗಬೇಡಿ. ಹಾಗೆ ಮಾಡಿದರೆ ಆರು ತಿಂಗಳೊಳಗೆ 6ನೇ ಕಲಂ ದಾವೆ ಹೂಡುವ ಅವಕಾಶ ಅವರಿಗೆ ಸಿಗುತ್ತದೆ, ಅದರಲ್ಲಿ ನಿಮ್ಮ ಕ್ರಯಪತ್ರ ಕೆಲಸಕ್ಕೆ ಬರುವುದಿಲ್ಲ. ಅವರ ಹನ್ನೆರಡು ವರ್ಷ ನಿಜಕ್ಕೂ ತುಂಬಿದ್ದರೆ, ಪ್ರತಿಕೂಲ ಸ್ವಾಧೀನದ ಆಧಾರದ ಮೇಲೆ ಅವರೇ ವಾದಿಯಾಗಿ ಜಾಗ ಕೇಳಬಹುದು ಎಂದು 2019ರ ರವಿಂದರ್ ಕೌರ್ ಗ್ರೇವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.